ಎರಡು ಸಿಲಿಂಡರ್‌ಗಳ ನಡುವಿನ ಪೈಪು

ಲಾರಿ ಟೈರಿಗೆ ಗಾಳಿ ಹಾಕುವ ಅಂಗಡಿಯಲ್ಲೋ, ಲೇತ್ ಓಡುವ ವರ್ಕ್‌ಶಾಪಿನಲ್ಲೋ, ಉದ್ದನೆಯ ಟ್ಯಾಂಕಿನ ಮೇಲೆ ಕೂತ ಏರ್ ಕಂಪ್ರೆಸರನ್ನು ಅನೇಕರು ನೋಡಿರುತ್ತಾರೆ. ಇಂಗ್ಲಿಷಿನ ವಿ ಅಕ್ಷರದಂತೆ ಕವಲೊಡೆದ ಎರಡು ಸಿಲಿಂಡರ್‌ಗಳಲ್ಲಿ ಒಂದು ದಪ್ಪ, ಇನ್ನೊಂದು ಸಣ್ಣ. ದಪ್ಪನೆಯದರ ತಲೆಯಿಂದ ಹೊರಟ, ಮೈತುಂಬ ತೆಳು ರೆಕ್ಕೆಗಳಿರುವ ಪೈಪು ಸುತ್ತಿ ಬಳಸಿ ಸಣ್ಣದರ ತಲೆಗೆ ಸೇರುತ್ತದೆ. ಬೆಲ್ಟು ತಿರುಗಿಸುವ ದೊಡ್ಡ ಚಕ್ರದ ಅರಗಳು ಫ್ಯಾನಿನ ಎಲೆಗಳಂತೆ ಓರೆಯಾಗಿದ್ದು, ಆ ಪೈಪಿನ ಮೇಲೆ ಸದಾ ಗಾಳಿ ಬೀಸುತ್ತವೆ. ಆ ಪೈಪಿನ ಹೆಸರು ಇಂಟರ್‌ಕೂಲರ್. ಚಲಿಸುವ ಭಾಗ ಅದರಲ್ಲಿ ಒಂದೂ ಇಲ್ಲ. ಆದರೂ ಕರೆಂಟ್ ಬಿಲ್ಲಿನಲ್ಲಿ ಉಳಿತಾಯ ಬರುವುದು ಮುಖ್ಯವಾಗಿ ಅದರಿಂದಲೇ.

ಇದು ಹೇಗೆ ಎಂದು ತಿಳಿಯಲು ಸೈಕಲ್ ಪಂಪಿನಿಂದ ಶುರುಮಾಡಬಹುದು. ನಾಲ್ಕಾರು ಸಲ ಜೋರಾಗಿ ಒತ್ತಿದರೆ ಪಂಪಿನ ಕೆಳತುದಿ ಬಿಸಿಯಾಗುತ್ತದೆ. ಅಲ್ಲಿ ಉಜ್ಜಾಟದ ಪಾಲೂ ಸ್ವಲ್ಪ ಇದೆ, ಆದರೆ ಬಹುಪಾಲು ಬಿಸಿ ಗಾಳಿಯದೇ. ಗಾಳಿಯನ್ನು ಒತ್ತುವಾಗ ನಾವು ಹಾಕಿದ ಶ್ರಮ ಅದರ ಅಣುಗಳ ವೇಗವಾಗಿ ಬದಲಾಗುತ್ತದೆ, ಆ ವೇಗವೇ ಉಷ್ಣತೆ. ಬಿಸಿಯಾದ ಗಾಳಿ ಅಷ್ಟೇ ಜಾಗದಲ್ಲಿದ್ದರೂ ಪಿಸ್ಟನ್ನನ್ನು ಹೆಚ್ಚು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಪಿಸ್ಟನ್ ಎರಡು ಪ್ರತಿರೋಧಗಳನ್ನು ಎದುರಿಸಬೇಕಾಗುತ್ತದೆ: ಗಾಳಿ ಇಕ್ಕಟ್ಟಾದದ್ದರಿಂದ ಬಂದದ್ದು ಒಂದು, ಗಾಳಿ ಬಿಸಿಯಾದದ್ದರಿಂದ ಬಂದದ್ದು ಇನ್ನೊಂದು.

ಎರಡನೆಯದಕ್ಕೆ ತೆತ್ತ ಶಕ್ತಿ ನಮಗೆ ದಕ್ಕುವುದಿಲ್ಲ. ಟ್ಯಾಂಕಿನಲ್ಲಿ ನಿಂತು, ಪೈಪಿನಲ್ಲಿ ಹರಿದು, ಟೈರಿಗೋ ಗಾಳಿಯಿಂದ ಓಡುವ ಗ್ರೈಂಡರಿಗೋ ತಲುಪುವ ಹೊತ್ತಿಗೆ ಗಾಳಿ ಹೇಗೂ ತಣ್ಣಗಾಗಿರುತ್ತದೆ. ಕೊನೆಗೆ ಸೋರಿಹೋಗಲಿರುವ ಬಿಸಿಯೊಂದಿಗೆ ಪಿಸ್ಟನ್ ಗುದ್ದಾಡಿದ್ದು ಬರೀ ನಷ್ಟ. ಒತ್ತುವಾಗಲೇ ಬಿಸಿಯನ್ನೆಲ್ಲ ತೆಗೆಯುತ್ತ ಹೋಗಿ ಗಾಳಿಯನ್ನು ಮೊದಲಿನಷ್ಟೇ ತಂಪಾಗಿ ಇಟ್ಟುಕೊಳ್ಳಲು ಆಗಿದ್ದರೆ ಖರ್ಚು ಅತಿ ಕಡಿಮೆಯಾಗುತ್ತಿತ್ತು. ಆದರೆ ಪಿಸ್ಟನ್ ನಿಮಿಷಕ್ಕೆ ನೂರಾರು ಸಲ ಮೇಲೆ ಕೆಳಗೆ ಓಡುತ್ತದೆ. ಸಿಲಿಂಡರಿನ ಗೋಡೆಯ ಮೂಲಕ ಬಿಸಿ ಹೊರಹೋಗಲು ಅಷ್ಟು ಹೊತ್ತು ಸಿಗುವುದಿಲ್ಲ. ಆದ್ದರಿಂದ ಎಂಜಿನಿಯರುಗಳು ಹಿಡಿದ ದಾರಿ ಇದು: ಅರ್ಧ ದಾರಿಯವರೆಗೆ ಒತ್ತಿ, ಗಾಳಿಯನ್ನು ಹೊರಗೆ ತಂದು, ತಣ್ಣಗೆ ಮಾಡಿ, ಆಮೇಲೆ ಇನ್ನೊಂದು ಸಿಲಿಂಡರಿನಲ್ಲಿ ಉಳಿದರ್ಧ ಒತ್ತುವುದು.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಸಮುದ್ರಮಟ್ಟದ ಊರು, ಆದ್ದರಿಂದ ಹೊರಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 1 ಬಾರ್. ಉಷ್ಣತೆ 27 ಡಿಗ್ರಿ ಇರಲಿ. ಟ್ಯಾಂಕಿನ ಗೇಜ್ 8 ಬಾರ್ ತೋರಿಸಬೇಕು. ಗೇಜ್ ಹೊರಗಿನ ಒತ್ತಡವನ್ನು ಬಿಟ್ಟು ಲೆಕ್ಕ ಹೇಳುವುದರಿಂದ ಒಳಗಿನ ನಿಜವಾದ ಒತ್ತಡ 9 ಬಾರ್. ಒಂದು ಘನ ಮೀಟರ್, ಅಂದರೆ 1000 ಲೀಟರ್ ಗಾಳಿಯನ್ನು 1ರಿಂದ 9 ಬಾರಿಗೆ ಏರಿಸುವುದು ಇಲ್ಲಿನ ಕೆಲಸ.

ಒಂದೇ ಸಿಲಿಂಡರಿನಲ್ಲಿ ಒಂದೇ ಏಟಿಗೆ ಒತ್ತಿದರೆ ಗಾಳಿ ಸುಮಾರು 225 ಡಿಗ್ರಿಗೆ ಕಾಯುತ್ತದೆ. ಸಿಲಿಂಡರಿನ ಗೋಡೆಯಿಂದ ಸ್ವಲ್ಪ ಬಿಸಿ ಹೊರಹೋಗುವುದನ್ನೂ ಸೇರಿಸಿಕೊಂಡು ಬಂದ ಅಂಕಿ ಇದು. ಹಿಡಿಯುವ ಶಕ್ತಿ 286 ಕಿಲೊಜೌಲ್. ಅದೇ ಗಾಳಿಯನ್ನು ದಪ್ಪ ಸಿಲಿಂಡರಿನಲ್ಲಿ ಮೊದಲು 3 ಬಾರಿಗೆ ಏರಿಸಿದರೆ 125 ಕಿಲೊಜೌಲ್ ಸಾಕು, ಉಷ್ಣತೆಯೂ 113 ಡಿಗ್ರಿ ಮಾತ್ರ.

ಮುಖ್ಯವಾದ ಸಂಗತಿ ಇರುವುದು ಈ ಹಂತದಲ್ಲಿ. 113 ಡಿಗ್ರಿಯ ಈ ಗಾಳಿಯನ್ನು ತಣಿಸದೆ ನೇರವಾಗಿ ಎರಡನೆಯ ಸಿಲಿಂಡರಿಗೆ ಕಳಿಸಿದರೆ ಉಳಿತಾಯ ಸೊನ್ನೆ. 3 ಬಾರ್ ಒತ್ತಡದಲ್ಲಿ ಅಷ್ಟು ಬಿಸಿಯಾಗಿರುವ ಗಾಳಿ 429 ಲೀಟರ್ ಜಾಗ ಹಿಡಿಯುತ್ತದೆ. ಅದನ್ನು 9 ಬಾರಿಗೆ ಏರಿಸಲು 161 ಕಿಲೊಜೌಲ್ ಬೇಕು. 125 ಮತ್ತು 161 ಸೇರಿದರೆ ಮತ್ತೆ ಅದೇ 286. ಸಿಲಿಂಡರ್ ಎರಡಾದರೂ ಖರ್ಚು ಒಂದೇ. ಈಗ ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು ಪುನಃ 27 ಡಿಗ್ರಿಗೆ ತಂದರೆ, ಒತ್ತಡ 3 ಬಾರಿನಲ್ಲೇ ಇದ್ದು, ಅದು 333 ಲೀಟರಿಗೆ ಕುಗ್ಗುತ್ತದೆ. ಎರಡನೆಯ ಪಿಸ್ಟನ್ ಸುಮಾರು ನೂರು ಲೀಟರ್ ಕಡಿಮೆ ಗಾಳಿಯನ್ನು ಒತ್ತಿದರಾಯಿತು, 125 ಕಿಲೊಜೌಲಿನಲ್ಲಿ ಕೆಲಸ ಮುಗಿಯುತ್ತದೆ. ಒಟ್ಟು 250.

ಹೀಗೆ ನೂರಕ್ಕೆ ಹನ್ನೆರಡೂವರೆ ಪಾಲು ಉಳಿಯಿತು. ಅದೇ ಲೆಕ್ಕದಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದೇ ಹಂತದಲ್ಲಾದರೆ 12.6 ಘನ ಮೀಟರ್, ನಡುವೆ ತಣಿಸಿದ ಎರಡು ಹಂತಗಳಲ್ಲಾದರೆ 14.4 ಘನ ಮೀಟರ್ ಗಾಳಿ ಸಿಗುತ್ತದೆ. ಬೆಲ್ಟು, ಬೇರಿಂಗು, ವಾಲ್ವುಗಳ ನಷ್ಟ ಸೇರಿದಾಗ ಎರಡೂ ಅಂಕಿಗಳು ಇಳಿಯುತ್ತವೆ. ಬಿಸಿಯನ್ನೆಲ್ಲ ಒತ್ತುವಾಗಲೇ ತೆಗೆಯುವ ಆದರ್ಶ ಯಂತ್ರ ಇದ್ದಿದ್ದರೂ 220 ಕಿಲೊಜೌಲ್ ಬೇಕೇ ಬೇಕಾಗಿತ್ತು. ಅಂದರೆ ಉಳಿಸಲು ಸಾಧ್ಯವಿದ್ದದ್ದು ಒಟ್ಟು 66 ಕಿಲೊಜೌಲ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಒಂದು ಇಂಟರ್‌ಕೂಲರ್ ಉಳಿಸಿಕೊಟ್ಟಿತು. ಮೂರನೆಯ ಹಂತ ಸೇರಿಸಿದರೆ 239ಕ್ಕೆ ಇಳಿಯಬಹುದು. ಆ ಹನ್ನೊಂದಕ್ಕಾಗಿ ಇನ್ನೊಂದು ಸಿಲಿಂಡರ್, ಇನ್ನೊಂದು ಜೊತೆ ವಾಲ್ವು ಯಾರೂ ಹಾಕುವುದಿಲ್ಲ. ಮುಳುಗುಗಾರರ ಸಿಲಿಂಡರಿಗೆ 200 ಬಾರ್ ಗಾಳಿ ತುಂಬುವಂಥ ಕಡೆ ಮಾತ್ರ ಮೂರು ನಾಲ್ಕು ಹಂತಗಳು ಬೇಕಾಗುತ್ತವೆ.

ನಡುವಿನ ಒತ್ತಡ 3 ಬಾರೇ ಏಕೆ? 1ರಿಂದ 3 ಮೂರು ಪಟ್ಟು, 3ರಿಂದ 9 ಮತ್ತೆ ಮೂರು ಪಟ್ಟು. ಎರಡೂ ಸಿಲಿಂಡರುಗಳು ಭಾರವನ್ನು ಸಮನಾಗಿ ಹೊತ್ತಾಗ ಒಟ್ಟು ಖರ್ಚು ಅತಿ ಕಡಿಮೆ. ಪಿಸ್ಟನ್ನಿನ ಓಟ ಒಂದೇ ಆಗಿದ್ದು ದಪ್ಪ ಸಿಲಿಂಡರಿನ ವ್ಯಾಸ 100 ಮಿಲಿಮೀಟರ್ ಇದ್ದರೆ, ಸಣ್ಣದು ಸುಮಾರು 58 ಇರಬೇಕು. ಆಗ ಅದು ನುಂಗುವ ಗಾಳಿಯ ಗಾತ್ರ ಮೂರನೆಯ ಒಂದು ಪಾಲು. ಆದರೆ ಇದು ಕೂದಲೆಳೆಯ ಲೆಕ್ಕವಲ್ಲ. ನಡುವಿನ ಒತ್ತಡ 2 ಬಾರ್ ಆದರೂ ಖರ್ಚು 250ರಿಂದ 255ಕ್ಕೆ ಏರುತ್ತದೆ, ಅಷ್ಟೆ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ಊರಿನಲ್ಲಿ ಹೊರಗಿನ ಒತ್ತಡವೇ 0.9 ಬಾರಿನ ಆಸುಪಾಸಿನಲ್ಲಿರುತ್ತದೆ. ಅದೇ ಯಂತ್ರ ಅಲ್ಲೂ ಸಲೀಸಾಗಿ ಓಡುತ್ತದೆ, ಪ್ರತಿ ಸುತ್ತಿಗೆ ಒಳಗೆ ಬರುವ ಗಾಳಿಯ ತೂಕ ಮಾತ್ರ ಕಡಿಮೆ.

ಎರಡು ಹಂತದಿಂದ ಇನ್ನೊಂದು ಲಾಭವಿದೆ. ಪಿಸ್ಟನ್ ಎಷ್ಟೇ ಮೇಲೇರಿದರೂ ಅದಕ್ಕೂ ಹೆಡ್ಡಿಗೂ ನಡುವೆ ಚೂರು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಬಡಿಯುತ್ತದೆ. ಅಲ್ಲಿ ಉಳಿದ ಒತ್ತಡದ ಗಾಳಿ, ಪಿಸ್ಟನ್ ಕೆಳಗಿಳಿಯುವಾಗ ಹಿಗ್ಗಿ ಹೊಸ ಗಾಳಿಯ ಜಾಗ ಕಬಳಿಸುತ್ತದೆ. ಆ ಜಾಗ ಓಟದ ಗಾತ್ರದ ಇಪ್ಪತ್ತನೆಯ ಒಂದು ಪಾಲು ಎಂದಿಟ್ಟುಕೊಂಡರೆ, ಒಂದೇ ಏಟಿಗೆ 9 ಬಾರಿಗೆ ಏರಿಸುವ ಸಿಲಿಂಡರ್ ತನ್ನ ಗಾತ್ರದ ಶೇ. 78ರಷ್ಟು ಹೊಸ ಗಾಳಿ ಎಳೆದುಕೊಳ್ಳುತ್ತದೆ. 3 ಬಾರಿಗೆ ಮಾತ್ರ ಏರಿಸುವುದು ಶೇ. 93ರಷ್ಟು ಎಳೆದುಕೊಳ್ಳುತ್ತದೆ.

ಹಾಗೆಂದು ಎಲ್ಲ ಕಡೆ ಎರಡು ಹಂತ ಬೇಕಿಲ್ಲ. ಆಗಾಗ ಬರುವ ಸ್ಕೂಟರಿಗೆ ಗಾಳಿ ಹಾಕುವ ಪಂಕ್ಚರ್ ಅಂಗಡಿಗೆ ಸಿಂಗಲ್ ಸ್ಟೇಜ್ ಸಾಕು. ಗೇಜ್ 3 ಬಾರ್ ತೋರಿಸಿದರೆ ಸಾಕಾಗುವ ಕೆಲಸಕ್ಕೆ ಕಾಗದದ ಮೇಲಿನ ಉಳಿತಾಯವೇ ಶೇ. 8ರಷ್ಟು. ಹೆಚ್ಚುವರಿ ವಾಲ್ವುಗಳಲ್ಲಿ, ಇಂಟರ್‌ಕೂಲರ್ ಪೈಪಿನಲ್ಲಿ ಗಾಳಿ ತಿಣುಕುವ ನಷ್ಟ ಅದರಲ್ಲಿ ಒಳ್ಳೆಯ ಪಾಲನ್ನು ತಿಂದುಬಿಡುತ್ತದೆ.

ದಿನವಿಡೀ ಓಡುವ ಯಂತ್ರಕ್ಕೆ ಉಳಿತಾಯಕ್ಕಿಂತಲೂ ದೊಡ್ಡದು ಸುರಕ್ಷತೆಯ ಮಾತು. ಇನ್ನೂರು ಡಿಗ್ರಿ ದಾಟಿದ ಗಾಳಿಯಲ್ಲಿ ಸಿಲಿಂಡರಿನ ಎಣ್ಣೆ ಸುಟ್ಟು ವಾಲ್ವಿನ ಮೇಲೆ ಕಪ್ಪಗೆ ಗಟ್ಟಿಯಾಗಿ ಕೂರುತ್ತದೆ. ವಾಲ್ವು ಸರಿಯಾಗಿ ಮುಚ್ಚದೆ ಬಿಸಿ ಗಾಳಿ ಹಿಂದಕ್ಕೆ ಸೋರಿ, ಮತ್ತೆ ಒತ್ತಿಸಿಕೊಂಡು ಇನ್ನಷ್ಟು ಕಾಯುತ್ತದೆ. ಈ ಕರಿ ಹೊರಹೋಗುವ ಪೈಪಿನಲ್ಲೂ ಕಟ್ಟಿಕೊಂಡು ಕೆಲವೊಮ್ಮೆ ಹೊತ್ತಿಕೊಳ್ಳುವುದುಂಟು. ನಡುವೆ ತಣಿಸಿದ ಯಂತ್ರದಲ್ಲಿ ಎಣ್ಣೆ ಆ ಶಾಖಕ್ಕೆ ಸಿಕ್ಕುವುದಿಲ್ಲ.

ತಣಿದಾಗ ಗಾಳಿಯಲ್ಲಿನ ನೀರೂ ಹೊರಬೀಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 20 ಗ್ರಾಂ ನೀರಾವಿ ಹೊತ್ತಿರುತ್ತದೆ. 333 ಲೀಟರಿಗೆ ಕುಗ್ಗಿ 27 ಡಿಗ್ರಿಗೆ ಇಳಿದ ಮೇಲೆ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು 9 ಗ್ರಾಂ ಕೂಡ ಅಲ್ಲ. ಉಳಿದದ್ದು ಹನಿಯಾಗುತ್ತದೆ. ಸಣ್ಣ ಯಂತ್ರಗಳ ಇಂಟರ್‌ಕೂಲರ್ ಅಷ್ಟು ತಂಪು ಮಾಡುವುದಿಲ್ಲವಾದ್ದರಿಂದ ಹೆಚ್ಚಿನ ನೀರು ಟ್ಯಾಂಕಿನಲ್ಲಿ ಸೇರುತ್ತದೆ, ದಿನವೂ ಕೆಳಗಿನ ಕಾಕ್ ತೆರೆದು ಬಿಡಬೇಕು. ದೊಡ್ಡ ಯಂತ್ರಗಳಲ್ಲಿ ಇಂಟರ್‌ಕೂಲರಿಗೇ ಕಾಕ್ ಇರುತ್ತದೆ. ಅದನ್ನು ಮರೆತರೆ ನೀರು ಎರಡನೆಯ ಸಿಲಿಂಡರಿಗೆ ನುಗ್ಗಿ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ.

ಇಂಟರ್‌ಕೂಲರಿನ ಆರೋಗ್ಯ ತಿಳಿಯಲು ಅದರ ಮೇಲಿನ ಪುಟ್ಟ ಗೇಜ್ ಸಾಕು. ನಮ್ಮ ಉದಾಹರಣೆಯ ಯಂತ್ರದಲ್ಲಿ ಅದು 2 ಬಾರಿನ ಹತ್ತಿರ ನಿಲ್ಲಬೇಕು. ಅದಕ್ಕಿಂತ ಕೆಳಗಿದ್ದರೆ ದಪ್ಪ ಸಿಲಿಂಡರಿಗೆ ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿರಬೇಕು, ಅಥವಾ ಅದರ ವಾಲ್ವು ಸೋರುತ್ತಿರಬೇಕು. ಮೇಲಿದ್ದರೆ ಸಣ್ಣ ಸಿಲಿಂಡರ್ ಬಂದ ಗಾಳಿಯನ್ನು ನುಂಗಲಾರದೆ ಇದೆ. ಅದರ ವಾಲ್ವು ಕೆಟ್ಟಿರಬಹುದು, ಇಲ್ಲವೇ ರೆಕ್ಕೆಗಳ ಸಂದಿನಲ್ಲಿ ಎಣ್ಣೆ ಧೂಳು ಮೆತ್ತಿಕೊಂಡು ಗಾಳಿ ತಣಿಯದೆ ಹಿಗ್ಗಿದ ಗಾತ್ರದಲ್ಲೇ ಬರುತ್ತಿರಬಹುದು. ತಣಿಸುವಿಕೆ ಪೂರ್ತಿ ನಿಂತರೆ ಅದೇ ಗೇಜ್ 2ರಿಂದ 3 ಬಾರಿನ ಆಚೆಗೆ ಹೋಗುತ್ತದೆ.

ಮೋಟಾರನ್ನು ಬಿಚ್ಚಿ ರಿಪೇರಿ ಮಾಡಿಸಿ ಮತ್ತೆ ಜೋಡಿಸಿದಾಗ ಆಗುವ ಎಡವಟ್ಟೊಂದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ತ್ರೀ ಫೇಸ್ ಸಂಪರ್ಕದಲ್ಲಿ ಎರಡು ವೈರುಗಳು ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ನೀರಿನ ಪಂಪಾಗಿದ್ದರೆ ನೀರು ಸರಿಯಾಗಿ ಬಾರದೆ ತಕ್ಷಣ ತಿಳಿಯುತ್ತಿತ್ತು. ಪಿಸ್ಟನ್ ಕಂಪ್ರೆಸರ್ ಹಾಗಲ್ಲ, ಯಾವ ದಿಕ್ಕಿಗೆ ತಿರುಗಿದರೂ ಗಾಳಿ ಒತ್ತುತ್ತದೆ, ಟ್ಯಾಂಕ್ ತುಂಬುತ್ತದೆ. ಚಕ್ರದ ಅರಗಳು ಮಾತ್ರ ಗಾಳಿಯನ್ನು ಇಂಟರ್‌ಕೂಲರಿನ ಮೇಲೆ ಬೀಸುವ ಬದಲು ಆಚೆ ಕಡೆಗೆ ತಳ್ಳುತ್ತವೆ. ಕೆಲವು ದಿನಗಳಲ್ಲಿ ಹೆಡ್ಡು ವಿಪರೀತ ಕಾಯತೊಡಗುತ್ತದೆ, ಎಣ್ಣೆ ಕಪ್ಪಾಗುತ್ತದೆ. ಆಗ ವಾಲ್ವು ಬದಲಿಸಿ ದುಡ್ಡು ಕಳೆದುಕೊಳ್ಳುವವರಿದ್ದಾರೆ. ಚಕ್ರದ ಮೇಲೋ ಬೆಲ್ಟಿನ ಗಾರ್ಡಿನ ಮೇಲೋ ಬಾಣದ ಗುರುತು ಇರುತ್ತದೆ. ಸ್ವಿಚ್ ಹಾಕಿ ತಕ್ಷಣ ಆರಿಸಿ, ಚಕ್ರ ನಿಧಾನವಾಗುವಾಗ ಅದು ಬಾಣದ ದಿಕ್ಕಿಗೇ ತಿರುಗುತ್ತಿದೆಯೇ ಎಂದು ನೋಡಬೇಕು. ಇಲ್ಲವಾದರೆ ಮೇನ್ ಬಂದ್ ಮಾಡಿ ಯಾವುದಾದರೂ ಎರಡು ಫೇಸ್ ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.