ಒಂದು ಬಿಲ್, ಮೂರು ಪಾಲು

ಬೆಂಗಳೂರಿನಲ್ಲಿ ಮನೆ ಹಂಚಿಕೊಂಡು ಇರುವವರ ನಡುವೆ ಬಾಡಿಗೆಗಾಗಿ ಮನಸ್ತಾಪ ಬರುವುದು ಅಪರೂಪ. ಅದು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಮುಖ ಬಿಗಿಯಾಗುವುದು ದಿನಸಿ ಬಿಲ್ಲಿನ ವಿಷಯದಲ್ಲಿ. ಒಬ್ಬರು ಸೂಪರ್‌ಮಾರ್ಕೆಟ್‌ಗೆ ಹೋಗಿ ಎಲ್ಲರ ಸಾಮಾನನ್ನೂ ಒಂದೇ ಬಿಲ್ಲಿಗೆ ಹಾಕಿಸಿ, ಅದರ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ, ‘ತಲೆಗೆ ಐನೂರು’ ಎಂದು ಬರೆದುಬಿಡುತ್ತಾರೆ. ಆ ಬಿಲ್ಲಿನಲ್ಲಿ ಮೂವರೂ ಉಣ್ಣುವ ಅಕ್ಕಿಯ ಜೊತೆಗೆ ಒಬ್ಬಳೇ ಹಚ್ಚಿಕೊಳ್ಳುವ ಶಾಂಪೂ ಕೂಡ ಇರುತ್ತದೆ. ಕೇಳಿದರೆ ಜಿಪುಣಿ ಎನ್ನಿಸಿಕೊಳ್ಳುವ ಸಂಕೋಚ, ಕೇಳದಿದ್ದರೆ ಒಳಗೊಳಗೇ ಕಸಿವಿಸಿ. ಇಂಥ ಕಸಿವಿಸಿ ಬೇಡವೆಂದರೆ ಬಿಲ್ಲನ್ನು ಒಮ್ಮೆ ಸಾಲು ಸಾಲಾಗಿ ಓದಬೇಕು.

ಒಂದು ಬಿಲ್ ಇಟ್ಟುಕೊಂಡೇ ನೋಡೋಣ. ಒಂದು ಮನೆಯಲ್ಲಿ ಮೂವರು ಹುಡುಗಿಯರಿದ್ದಾರೆ: ಶಿವಮೊಗ್ಗದವಳು, ಹುಬ್ಬಳ್ಳಿಯವಳು, ಮಂಗಳೂರಿನವಳು. ಶಿವಮೊಗ್ಗದವಳು ಮೊಟ್ಟೆ ತಿನ್ನುವುದಿಲ್ಲ. ಅಂಗಡಿಗೆ ಹೋಗಿ ಹಣ ಕೊಟ್ಟವಳು ಮಂಗಳೂರಿನವಳು. ಬಿಲ್ಲಿನಲ್ಲಿ ಅಕ್ಕಿ 340 ರೂಪಾಯಿ, ತೊಗರಿಬೇಳೆ 160, ಎಣ್ಣೆ 150, ಈರುಳ್ಳಿ 38, ಟೊಮೆಟೊ 32, ಪಾತ್ರೆ ತೊಳೆಯುವ ಲಿಕ್ವಿಡ್ 90, ಒಂದು ಟ್ರೇ ಮೊಟ್ಟೆ 210, ಶಾಂಪೂ 320, ಓಟ್ಸ್ 180, ಬಿಸ್ಕತ್ತು 80. ಒಟ್ಟು 1600. ಸಾವಿರದ ಐನೂರು ದಾಟಿದ್ದಕ್ಕೆ ಕೂಪನ್‌ನಲ್ಲಿ ನೂರು ರೂಪಾಯಿ ಕಡಿತ. ಕೊಟ್ಟದ್ದು 1500.

ಮೊದಲ ಕೆಲಸ, ಪ್ರತಿ ಸಾಲಿಗೂ ಅದು ಯಾರದೆಂದು ಗುರುತು ಹಾಕುವುದು. ಇದನ್ನು ಸಾಮಾನು ಫ್ರಿಜ್ಜು, ಡಬ್ಬಿ ಸೇರುವ ಮೊದಲೇ ಮಾಡಿದರೆ ಒಳ್ಳೆಯದು. ಬಿಲ್ಲಿನಲ್ಲಿ ಹೆಸರುಗಳು ಅರ್ಧಕ್ಕೆ ತುಂಡಾಗಿರುತ್ತವೆ. ನಾಲ್ಕು ದಿನ ಬಿಟ್ಟು ನೋಡಿದರೆ ಯಾವುದು ಓಟ್ಸ್, ಯಾವುದು ಬಿಸ್ಕತ್ತು ಎಂದೇ ತಿಳಿಯುವುದಿಲ್ಲ. ಪೆನ್ನಿನಿಂದ ಸಾಲಿನ ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಬರೆದು, ಆಮೇಲೆ ಫೋಟೊ ತೆಗೆದರೆ ಗುರುತೂ ಫೋಟೊದಲ್ಲೇ ಉಳಿಯುತ್ತದೆ. ಥರ್ಮಲ್ ಕಾಗದದ ಅಕ್ಷರ ಬಿಸಿಗೂ ಬೆಳಕಿಗೂ ಎಣ್ಣೆ ಕೈಗೂ ಮಾಸುವುದರಿಂದ ಅದೇ ದಿನ ಫೋಟೊ ತೆಗೆದಿಡುವುದು ಕ್ಷೇಮ.

ಗುರುತು ಹಾಕುವಾಗ ‘ಎಲ್ಲರದು’, ‘ಒಬ್ಬರದು’ ಎಂಬ ಎರಡೇ ಗುಂಪು ಸಾಲದು. ಮೊಟ್ಟೆ ಇಬ್ಬರದು. ಈ ನಡುವಿನ ಗುಂಪನ್ನು ಮರೆಯುವುದರಿಂದಲೇ ಸಸ್ಯಾಹಾರಿಗಳು ತಿಂಗಳುಗಟ್ಟಲೆ ತಿನ್ನದ ಮೊಟ್ಟೆಗೆ, ಮೀನಿಗೆ ಹಣ ಕೊಡುತ್ತಿರುತ್ತಾರೆ. ಆದರೆ ಇದನ್ನು ಅತಿಗೂ ಒಯ್ಯಬಾರದು. ನೀನು ಎರಡು ಸೌಟು ಅನ್ನ ಹೆಚ್ಚು ಉಣ್ಣುತ್ತೀಯ ಎಂದು ಅಕ್ಕಿಯನ್ನು ತೂಗಲು ಹೊರಟರೆ ಮನೆ ಉಳಿಯುವುದಿಲ್ಲ. ನನ್ನ ಮಟ್ಟಿಗೆ ನ್ಯಾಯವಾದ ಪ್ರಶ್ನೆ ‘ಎಷ್ಟು ತಿಂದೆ’ ಎಂಬುದಲ್ಲ, ‘ಇದನ್ನು ಬಳಸುವವರಲ್ಲಿ ನೀನೂ ಒಬ್ಬಳೇ’ ಎಂಬುದು. ಹೌದಾದರೆ ಸಮಪಾಲು, ಅಲ್ಲವಾದರೆ ಪಾಲೇ ಇಲ್ಲ. ಹದಿನೈದು ದಿನ ಊರಿಗೆ ಹೋಗುವವರು ಹೊರಡುವ ಮೊದಲೇ ಹೇಳಿದರೆ ಆ ಅವಧಿಯ ಹಾಲು, ತರಕಾರಿಯಿಂದ ಅವರ ಹೆಸರು ತೆಗೆಯಬಹುದು. ಎಣ್ಣೆ, ಬೇಳೆ ಹೇಗೂ ತಿರುಗಿ ಬಂದಾಗಲೂ ಡಬ್ಬಿಯಲ್ಲಿರುತ್ತವೆ.

ನಮ್ಮ ಬಿಲ್ಲಿನಲ್ಲಿ ಮೂವರಿಗೂ ಸೇರಿದ್ದು 810, ಅಂದರೆ ತಲಾ 270. ಮೊಟ್ಟೆ ಇಬ್ಬರಿಗೆ ತಲಾ 105. ಓಟ್ಸ್ ಶಿವಮೊಗ್ಗದವಳದು, ಶಾಂಪೂ ಹುಬ್ಬಳ್ಳಿಯವಳದು, ಬಿಸ್ಕತ್ತು ಮಂಗಳೂರಿನವಳದು. ಕೂಡಿದರೆ ಕ್ರಮವಾಗಿ 450, 695, 455. ಮೂರೂ ಸೇರಿ 1600 ಆಗಲೇಬೇಕು, ಆಗಿದೆ.

ಆಗದಿದ್ದರೆ? ಫೋಟೊ ನೋಡಿ ಅಂಕಿಗಳನ್ನು ಬರೆದುಕೊಳ್ಳುವಾಗ, ಅಥವಾ ಫೋಟೊ ಓದುವ ಆ್ಯಪ್ ಬಳಸುವಾಗ, ತಪ್ಪು ನುಸುಳುವುದು ಸಾಮಾನ್ಯ. ಎಷ್ಟು ವ್ಯತ್ಯಾಸ ಬಂತು ಎಂಬುದರಲ್ಲೇ ತಪ್ಪಿನ ಸುಳಿವಿರುತ್ತದೆ. ವ್ಯತ್ಯಾಸ ಯಾವುದಾದರೂ ಒಂದು ಸಾಮಾನಿನ ಬೆಲೆಯಷ್ಟೇ ಇದ್ದರೆ ಆ ಸಾಲು ಬಿಟ್ಟುಹೋಗಿದೆ, ಇಲ್ಲವೇ ಎರಡು ಬಾರಿ ಸೇರಿದೆ. ಉದ್ದದ ಬಿಲ್ಲನ್ನು ಎರಡು ಫೋಟೊದಲ್ಲಿ ತೆಗೆದಾಗ ಎರಡರಲ್ಲೂ ಕಾಣುವ ಸಾಲು ಹೀಗೆ ಇಮ್ಮಡಿಯಾಗುತ್ತದೆ. ಸರಿಯಾಗಿ 5, 50 ಅಥವಾ 500 ಹೆಚ್ಚುಕಡಿಮೆ ಬಂದರೆ 3 ಮತ್ತು 8 ಅದಲುಬದಲಾಗಿರಬಹುದು. ಮೊತ್ತ ಸಾವಿರಗಟ್ಟಲೆ ಏರಿ, ವ್ಯತ್ಯಾಸ 99ರಿಂದ ಭಾಗವಾದರೆ ಎಲ್ಲೋ ಪೈಸೆಯ ಚುಕ್ಕಿ ಕಳೆದುಹೋಗಿ 38.00 ಎಂಬುದು 3800 ಆಗಿದೆ. ತೂಗಿ ಕೊಡುವ ತರಕಾರಿಯಲ್ಲಿ ಇನ್ನೊಂದು ಜಾಗ್ರತೆ ಬೇಕು: 0.950 ಎಂದಿರುವುದು ಕೆಜಿ, ಬೆಲೆಯಲ್ಲ. ಬಿಲ್ಲಿನ ಕೊನೆಯಲ್ಲಿ ಸಾಮಾನ್ಯವಾಗಿ ಎಷ್ಟು ಐಟಂ ಎಂದು ಅಚ್ಚಾಗಿರುತ್ತದೆ. ನಮ್ಮದರಲ್ಲಿ ಹತ್ತು, ಅದನ್ನೂ ಎಣಿಸಿ ತಾಳೆ ನೋಡಬೇಕು.

ಬಿಲ್ಲಿನ ತಳದಲ್ಲಿರುವ ಎರಡು ಅಂಕಿಗಳನ್ನು ಮುಟ್ಟುವಂತಿಲ್ಲ. ಒಂದು, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂಬ ಪಟ್ಟಿ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲೇ ಎಲ್ಲ ತೆರಿಗೆ ಸೇರಿರುತ್ತದೆ. ಆ ಪಟ್ಟಿ ಒಳಗಿರುವ ತೆರಿಗೆ ಎಷ್ಟೆಂದು ತೋರಿಸುತ್ತದೆ, ಅಷ್ಟೆ. ಅದನ್ನು ಮತ್ತೆ ಕೂಡಿದರೆ ತೆರಿಗೆ ಎರಡು ಸಲ ಕೊಟ್ಟಂತೆ. ಇನ್ನೊಂದು, ‘ನಿಮ್ಮ ಉಳಿತಾಯ’ ಎಂಬ ದೊಡ್ಡ ಅಂಕಿ. 400 ಎಂಆರ್‌ಪಿಯ ಶಾಂಪೂ 320ಕ್ಕೆ ಬಂದಿದ್ದರೆ ಆ 80 ಬೆಲೆಯಿಂದ ಆಗಲೇ ಕಳೆದುಹೋಗಿದೆ, ಅದರ ಲಾಭವೂ ಶಾಂಪೂ ಕೊಂಡವಳದೇ.

ಕೂಪನ್‌ನ ನೂರು ರೂಪಾಯಿ ಹಾಗಲ್ಲ, ಅದು ಇಡೀ ಬಿಲ್ಲಿಗೆ ಸಿಕ್ಕಿದ್ದು. ಸಮನಾಗಿ ಮೂರು ಪಾಲು ಮಾಡುವುದು ಸುಲಭ, ಆದರೆ ಹೆಚ್ಚು ಕೊಂಡವಳಿಗೆ ಅದರಲ್ಲಿ ಅನ್ಯಾಯವಿದೆ. ಶಾಂಪೂ ಇಲ್ಲದಿದ್ದರೆ ಬಿಲ್ 1280ಕ್ಕೆ ನಿಂತು ಕೂಪನ್ನೇ ಸಿಗುತ್ತಿರಲಿಲ್ಲ. ಹಾಗೆಂದು ನೂರೂ ಅವಳದೇ ಅನ್ನಲಾಗದು. ಅಕ್ಕಿ ಇಲ್ಲದಿದ್ದರೂ ಸಿಗುತ್ತಿರಲಿಲ್ಲವಲ್ಲ. ಆದ್ದರಿಂದ ಕಡಿತ ಖರ್ಚಿನ ಪ್ರಮಾಣದಲ್ಲಿ ಹೋಗಬೇಕು. 1600ಕ್ಕೆ 100 ಎಂದರೆ ನೂರಕ್ಕೆ ಆರೂಕಾಲು. ಅಷ್ಟನ್ನು ಕಳೆದರೆ ಶಿವಮೊಗ್ಗದವಳ ಪಾಲು 421.88, ಹುಬ್ಬಳ್ಳಿಯವಳದು 651.56, ಮಂಗಳೂರಿನವಳದು 426.56. ‘ತಲೆಗೆ ಐನೂರು’ ಎಂದಿದ್ದರೆ ಶಿವಮೊಗ್ಗದವಳು 78 ರೂಪಾಯಿ ಹೆಚ್ಚು ಕೊಡುತ್ತಿದ್ದಳು, ಹುಬ್ಬಳ್ಳಿಯವಳಿಗೆ 150ಕ್ಕಿಂತ ಹೆಚ್ಚು ಉಳಿಯುತ್ತಿತ್ತು. ವಾರವಾರವೂ ಹೀಗೇ ನಡೆದರೆ ಅದು ಸಣ್ಣ ಮೊತ್ತವಲ್ಲ.

ಮನೆಗೆ ತರಿಸಿಕೊಂಡ ಸಾಮಾನಿನ ಡೆಲಿವರಿ ಶುಲ್ಕಕ್ಕೆ ಮಾತ್ರ ನಾನು ಈ ಪ್ರಮಾಣದ ಲೆಕ್ಕ ಹಚ್ಚುವುದಿಲ್ಲ. ಹುಡುಗ ಮೆಟ್ಟಿಲು ಹತ್ತಿ ಬಂದದ್ದು ಒಂದೇ ಸಲ, ಶಾಂಪೂ ದುಬಾರಿ ಎಂದು ಶುಲ್ಕ ಏರಿಲ್ಲ. ಆ ಆರ್ಡರಿನಲ್ಲಿ ಸಾಮಾನಿದ್ದವರೆಲ್ಲ ಅದನ್ನು ಸಮನಾಗಿ ಹಂಚಿಕೊಂಡರೆ ಸರಿ.

ಇನ್ನು ಪೈಸೆ. ಮೂವರ ಪಾಲನ್ನೂ ಹತ್ತಿರದ ರೂಪಾಯಿಗೆ ತಂದರೆ 422, 652, 427, ಕೂಡಿದರೆ 1501. ಇಲ್ಲದ ಒಂದು ರೂಪಾಯಿ ಎಲ್ಲಿಂದಲೋ ಬಂತು! ಇದಕ್ಕೆ ಸರಳ ಉಪಾಯವಿದೆ: ಹಣ ಕೊಡಬೇಕಾದವರ ಪಾಲನ್ನಷ್ಟೇ ರೂಪಾಯಿಗೆ ತರುವುದು, ಅಂಗಡಿಯಲ್ಲಿ ಕೊಟ್ಟವಳ ಪಾಲು ಉಳಿದದ್ದು. 422 ಮತ್ತು 652 ಯುಪಿಐನಲ್ಲಿ ಬರುತ್ತದೆ, ಮಂಗಳೂರಿನವಳಿಗೆ ಬಿದ್ದದ್ದು 426.

ಅಮೆರಿಕದಲ್ಲಿ ಓದಲು ಹೋಗಿ ಮನೆ ಹಂಚಿಕೊಂಡಿರುವ ನಮ್ಮ ಹುಡುಗರಿಗೆ ಈ ಲೆಕ್ಕದಲ್ಲಿ ಒಂದು ಬದಲಾವಣೆ ಬೇಕು. ಅಲ್ಲಿ ಮಾರಾಟ ತೆರಿಗೆಯನ್ನು ಬೆಲೆಯ ಮೇಲೆ ಬೇರೆಯಾಗಿ ಸೇರಿಸುತ್ತಾರೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅಕ್ಕಿ, ಹಾಲು, ತರಕಾರಿಗೆ ತೆರಿಗೆಯಿಲ್ಲ, ಶಾಂಪೂವಿಗೆ ಇದೆ. ಹಾಗಾಗಿ ಬಿಲ್ಲಿನ ತಳದ ತೆರಿಗೆಯನ್ನು ಎಲ್ಲರ ಮೇಲೂ ಹರಡದೆ, ತೆರಿಗೆ ಬೀಳುವ ಸಾಮಾನು ಕೊಂಡವರಿಗಷ್ಟೇ ಹಾಕಬೇಕು. ಅಂಥ ಸಾಲುಗಳ ತುದಿಯಲ್ಲಿ ಹಲವು ಅಂಗಡಿಗಳು ಒಂದು ಅಕ್ಷರದ ಗುರುತು ಮುದ್ರಿಸಿರುತ್ತವೆ.

ಕೊಂಡದ್ದನ್ನು ಹಿಂದಿರುಗಿಸಿದರೆ ಅದೇ ಲೆಕ್ಕವನ್ನು ಹಿಂದಕ್ಕೆ ನಡೆಸಬೇಕು. ಶಾಂಪೂವಿನ ಮೇಲೆ ಕೂಪನ್ನಿನ ಪಾಲು 20 ರೂಪಾಯಿ ಕಳೆದಿತ್ತು, ಆದ್ದರಿಂದ ಅಂಗಡಿ 300 ಹಿಂತಿರುಗಿಸಿದರೆ ಅದು ಪೂರ್ತಿ ಹುಬ್ಬಳ್ಳಿಯವಳಿಗೆ. ಬಿಲ್ 1500ಕ್ಕಿಂತ ಇಳಿಯಿತೆಂದು ಅಂಗಡಿ ಕೂಪನ್ನನ್ನೇ ರದ್ದು ಮಾಡಿ 220 ಮಾತ್ರ ಕೊಟ್ಟರೆ, ಉಳಿದ 80ರ ನಷ್ಟ ಹಿಂದಿರುಗಿಸಿದವಳದೇ. ಅಕ್ಕಿ ಬೇಳೆ ಉಣ್ಣುವ ಉಳಿದಿಬ್ಬರ ಪಾಲು 422 ಮತ್ತು 426 ಆಗಿಯೇ ಇರುತ್ತದೆ.