ಗದ್ದದ ಮೇಲಿನ ಮೂರು ಚುಕ್ಕೆ

2019ರ ಆಗಸ್ಟಿನಲ್ಲಿ ಘಟಪ್ರಭೆ ದಂಡೆ ಮೀರಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದಾಗ ನಮ್ಮ ದೊಡ್ಡವ್ವನ ಮನೆಯ ಪಡಸಾಲೆಯಲ್ಲಿಯೂ ನೀರು ನಿಂತಿತು. ನೀರು ಇಳಿದ ಮೇಲೆ ಗೋಡೆಯ ಮೇಲಿದ್ದ ಚೌಕಟ್ಟೊಂದು ಕೆಸರಿನಲ್ಲಿ ಸಿಕ್ಕಿತು. ದೊಡ್ಡಪ್ಪ ಮತ್ತು ದೊಡ್ಡವ್ವ ಜೊತೆಯಾಗಿ ಕುಳಿತು ತೆಗೆಸಿಕೊಂಡ, 1958ರ ಸುಮಾರಿನ ಫೋಟೋ ಅದು. ದೊಡ್ಡವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಕೆಯ ಮುಖ ದೊಡ್ಡದಾಗಿ ಕಾಣುವ ಚಿತ್ರ ಅದೊಂದೇ. ಮೂಡಲಗಿಯಲ್ಲಿರುವ ಆಕೆಯ ಮಗಳು, ನನಗೆ ಅಕ್ಕ, ಅದನ್ನು ಒಂದು ಅಂಗಡಿಗೆ ಕೊಟ್ಟು ಸರಿಪಡಿಸಿದ ಪ್ರತಿಯನ್ನು ತರಿಸಿದಳು. ಬಂದ ಚಿತ್ರ ಸ್ವಚ್ಛವಾಗಿತ್ತು, ನುಣುಪಾಗಿತ್ತು. ಅಕ್ಕ ಅದನ್ನು ನೋಡಿ ನನ್ನ ಕೈಗೆ ಕೊಟ್ಟು, “ತಮ್ಮಾ, ಇವ್ರು ಯಾರಪಾ? ನಮ್ಮವ್ವನ ಗದ್ದದ ಮ್ಯಾಲ ಮೂರ ಹಚ್ಚೀ ಚುಕ್ಕಿ ಇದ್ದೂವಲ್ಲ, ಅವು ಎಲ್ಲಿ ಹ್ವಾದೂ?” ಎಂದಳು. ಅಂಗಡಿಯವನು ಬೂಷ್ಟಿನ ಕಲೆಗಳೊಂದಿಗೆ ಹಚ್ಚೆಯನ್ನೂ ಒರೆಸಿಹಾಕಿದ್ದ.

ಆ ಪ್ರಶ್ನೆಯಿಂದ ಹೊರಟು ನಾನೂ, ಹುಕ್ಕೇರಿಯಲ್ಲಿರುವ ನನ್ನ ಸ್ನೇಹಿತರಾದ ನಿವೃತ್ತ ಚಿತ್ರಕಲಾ ಶಿಕ್ಷಕರೂ ಸೇರಿ ಮಾಡಿದ ಕೆಲಸದ ವೃತ್ತಾಂತವನ್ನು ಇಲ್ಲಿ ಹೇಳುತ್ತೇನೆ. ಅಕ್ಕನಿಗೆ ಬೇಕಾದದ್ದು ಪುಣ್ಯತಿಥಿಯಂದು ಹೂಮಾಲೆ ಹಾಕಲು ಒಂದು ಚಿತ್ರ. ಅದು ಫೋಟೋವೇ ಆಗಬೇಕೆಂಬ ಹಟ ಆಕೆಗಿರಲಿಲ್ಲ. ತನ್ನ ತಾಯಿಯಾಗಿರಬೇಕು, ಅಷ್ಟೆ.

ಮೂಲ ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಹಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರವಿರುವುದು ಕಾಗದದಲ್ಲಿ ಅಲ್ಲ, ಅದರ ಮೇಲಿನ ಜೆಲಟಿನ್ ಪದರಿನಲ್ಲಿರುವ ಬೆಳ್ಳಿಯ ಕಣಗಳಲ್ಲಿ. ಜೆಲಟಿನ್ ನೆನೆದರೆ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಗಾಜನ್ನು ಕಚ್ಚಿಕೊಳ್ಳುತ್ತದೆ. ಎಳೆದರೆ ಕಾಗದ ನಮ್ಮ ಕೈಗೆ ಬರುತ್ತದೆ, ಮುಖ ಗಾಜಿನ ಮೇಲೆ ಉಳಿಯುತ್ತದೆ. ಆದ್ದರಿಂದ ನಾವು ಅದನ್ನು ಬಿಡಿಸಲೂ ಇಲ್ಲ, ತೊಳೆಯಲೂ ಇಲ್ಲ; ಗಾಜಿನ ಹೊರಮೈಯನ್ನಷ್ಟೇ ಒರೆಸಿ ಗಾಜಿನ ಮೂಲಕವೇ ಪ್ರತಿ ತೆಗೆದೆವು. ಸ್ಕ್ಯಾನರುಗಳಲ್ಲಿ ಎರಡು ಜಾತಿಯುಂಟು. ತೆಳುವಾದ, ಅಗ್ಗದ ಯಂತ್ರಕ್ಕೆ ತನ್ನ ಗಾಜಿಗೆ ತಾಗಿದ್ದಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಎರಡು ಮಿಲಿಮೀಟರ್ ದಪ್ಪದ ಗಾಜು ನಡುವೆ ಬಂದರೆ ಚಿತ್ರ ಮಸುಕಾಗುತ್ತದೆ. ಒಳಗೆ ಮಸೂರವಿರುವ ದಪ್ಪ ಯಂತ್ರ ಅಷ್ಟು ದೂರವನ್ನು ಸಹಿಸುತ್ತದೆ. ಅದನ್ನು ಹುಡುಕಿ, ಅಂಗುಲಕ್ಕೆ 1200 ಬಿಂದುಗಳಂತೆ, ಕಪ್ಪು-ಬಿಳುಪು ಫೋಟೋವಾದರೂ ಬಣ್ಣದಲ್ಲಿಯೇ ಪ್ರತಿ ಮಾಡಿದೆವು.

ಬಣ್ಣವೇಕೆ ಎಂದು ಕೇಳಬಹುದು. ಫೋಟೋ ಹಳದಿಯಾಗುವುದಕ್ಕೆ ಮುಖ್ಯ ಕಾರಣ ತೊಳೆಯುವಲ್ಲಿನ ಅವಸರ. ಹೈಪೋ ದ್ರಾವಣ ಪೂರ್ತಿ ಹೋಗದೆ ಉಳಿದರೆ ಅದರ ಗಂಧಕ ಬೆಳ್ಳಿಯನ್ನು ಮೆಲ್ಲಮೆಲ್ಲನೆ ಹಳದಿ-ಕಂದು ಸಂಯುಕ್ತವಾಗಿ ಮಾರ್ಪಡಿಸುತ್ತದೆ. ಬೆಳ್ಳಿ ತೆಳುವಾಗಿರುವ ಕಡೆ, ಎಂದರೆ ಕೆನ್ನೆಯ ಹೊಳಪು, ಬಿಳಿ ಸೀರೆಯ ನಿರಿಗೆ, ಇಂಥಲ್ಲಿ ಮೊದಲು ನಷ್ಟ ಕಾಣುತ್ತದೆ. ಕಂಪ್ಯೂಟರು ಬಣ್ಣದ ಪ್ರತಿಯನ್ನು ಕೆಂಪು, ಹಸುರು, ನೀಲಿ ಎಂಬ ಮೂರು ಬೂದು ಚಿತ್ರಗಳಾಗಿ ಬಿಡಿಸಿ ತೋರಿಸಬಲ್ಲದು. ಹಳದಿ ನೀಲಿಯನ್ನು ಹೀರುವುದರಿಂದ, ಕಣ್ಣಿಗೆ ಅಳಿದೇ ಹೋದಂತೆ ತೋರಿದ ಕೆನ್ನೆಯ ಇಳಿಜಾರು ನೀಲಿ ಚಿತ್ರದಲ್ಲಿ ಮರಳಿ ಕಾಣಿಸಿತು. ನೆರೆನೀರಿನ ಕಂದು ಕಲೆಯ ಸಂಗತಿ ಇದಕ್ಕೆ ವಿರುದ್ಧ: ಅದು ನೀಲಿಯಲ್ಲಿ ಕಪ್ಪಾಗಿ ಎದ್ದು ನಿಂತು, ಕೆಂಪಿನಲ್ಲಿ ಹೆಚ್ಚುಕಡಿಮೆ ಮಾಯವಾಯಿತು. ಮುಖವನ್ನು ನೀಲಿಯಿಂದಲೂ, ಕಲೆ ಹರಡಿದ್ದ ಹೆಗಲನ್ನು ಕೆಂಪಿನಿಂದಲೂ ತೆಗೆದುಕೊಂಡು ಕೂಡಿಸಿದೆವು. ಕುಂಚ ಮುಟ್ಟುವ ಮೊದಲೇ ಅರ್ಧ ದುರಸ್ತಿ ಮುಗಿದಿತ್ತು.

ಇನ್ನು ಹಚ್ಚೆಯ ಮಾತು. ಗದ್ದದ ಮೇಲೆ ಒಟ್ಟು ಏಳು ಚುಕ್ಕೆಗಳಿದ್ದವು; ಅವುಗಳಲ್ಲಿ ದೊಡ್ಡವ್ವನವು ಮೂರು, ಬೂಷ್ಟಿನವು ನಾಲ್ಕು. ಬೇರ್ಪಡಿಸುವುದು ಹೇಗೆ? ಮೊದಲು ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿದೆವು. ಬೂಷ್ಟು ಪದರಿನ ಹೊಳಪನ್ನು ಕೆಡಿಸಿರುತ್ತದೆ. ಹಚ್ಚೆಯಾದರೋ ಚಿತ್ರದ ಒಳಗಿನದು, ಮೇಲ್ಮೈ ನಯವಾಗಿಯೇ ಇರುತ್ತದೆ. ಆದರೆ ಗಾಜಿನ ಅಡಿಯಲ್ಲಿ ಈ ಪರೀಕ್ಷೆ ಎರಡು ಚುಕ್ಕೆಗಳ ವಿಷಯದಲ್ಲಿ ಸೋತಿತು. ಆಗ ನೀಲಿ, ಕೆಂಪು ಚಿತ್ರಗಳನ್ನು ಪಕ್ಕಪಕ್ಕಕ್ಕೆ ಇಟ್ಟೆವು. ಕಂದು ಬೂಷ್ಟು ಕೆಂಪಿನಲ್ಲಿ ಕರಗಿತು. ಹುಬ್ಬು ಎಷ್ಟು ಮಂಕಾಯಿತೋ ಅಷ್ಟೇ ಮಂಕಾಗಿ ಮೂರು ಚುಕ್ಕೆಗಳು ಉಳಿದವು, ಏಕೆಂದರೆ ಹುಬ್ಬೂ ಅವೂ ಒಂದೇ ಬೆಳ್ಳಿಯವು. ಅವು ಬಹಳ ತೆಳುವಾಗಿದ್ದುದಕ್ಕೂ ಕಾರಣವುಂಟು. ಅಂದಿನ ಎಷ್ಟೋ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದು, ನೀಲಿ-ಹಸುರು ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಕುಂಕುಮ ಕಪ್ಪಾಗುತ್ತದೆ, ತುಟಿ ಕಪ್ಪಾಗುತ್ತದೆ, ಮೈಬಣ್ಣ ಇದ್ದುದಕ್ಕಿಂತ ಗಾಢವಾಗುತ್ತದೆ; ಹಚ್ಚೆಯ ಹಸುರು ಮಾತ್ರ ತಿಳಿಯಾಗುತ್ತದೆ. ದೊಡ್ಡವ್ವನ ಫೋಟೋದಲ್ಲಿ ಈ ಎಲ್ಲ ಗುರುತುಗಳೂ ಇದ್ದವು. ಸುಂದರಗೊಳಿಸುವ ಹುಮ್ಮಸ್ಸಿನಲ್ಲಿ ಮುಖವನ್ನು ಬೆಳ್ಳಗೆ ಮಾಡುವವರು ಇದೊಂದನ್ನು ತಿಳಿದಿದ್ದರೆ ಒಳ್ಳೆಯದು. ಕಡೆಯ ಸಾಕ್ಷಿ ಅಕ್ಕನ ಮನೆಯ ಮದುವೆಯ ಗುಂಪುಚಿತ್ರ. ಅದರಲ್ಲಿ ದೊಡ್ಡವ್ವನ ಮುಖ ಕಡಲೆಕಾಳಿನಷ್ಟು; ಆದರೂ ಮೂರು ಚುಕ್ಕೆ ಒಂದೇ ಸಾಲಿನಲ್ಲಿ ಕಂಡವು.

ಕಿವಿಯಿಂದ ತುಟಿಯ ಅಂಚಿನವರೆಗೆ ಒಂದು ಬಿರುಕಿತ್ತು. ಅದನ್ನು ಮುಚ್ಚುವ ಮೊದಲು ಶಿಕ್ಷಕರು ನನಗೊಂದು ತಮಾಷೆ ತೋರಿಸಿದರು. ದುರಸ್ತಿಯಾಗದ ಪ್ರತಿಯನ್ನೇ ಕಂಪ್ಯೂಟರಿನಲ್ಲಿ ಬರಿಯ ಕಪ್ಪು ಗೆರೆಗಳ ಚಿತ್ರವಾಗಿ ಮಾಡಿದರು. ಬಿರುಕು ದೊಡ್ಡವ್ವನ ಕೆನ್ನೆಯ ಮೇಲೆ ಕತ್ತಿಯ ಗಾಯವಾಯಿತು! ಫೋಟೋದಲ್ಲಿ ನಮ್ಮ ಕಣ್ಣು ಕಾಗದದ ಬಿರುಕನ್ನು ಬೇರೆ, ಮುಖವನ್ನು ಬೇರೆ ಎಂದು ತಾನಾಗಿ ವಿಂಗಡಿಸುತ್ತದೆ. ರೇಖೆಯಾದ ಮೇಲೆ ಎರಡಕ್ಕೂ ಒಂದೇ ಮಸಿ. ಆಮೇಲೆ ವಿಂಗಡಿಸಲು ದಾರಿಯಿಲ್ಲ. ದುರಸ್ತಿಯನ್ನು ಮುಂಚೆ, ಅದೂ ಮೂಲಪ್ರತಿಯ ಮೇಲಿನ ಬೇರೆ ಪದರಿನಲ್ಲಿ ಮಾಡಬೇಕೆಂಬುದು ಇದಕ್ಕಾಗಿ. ನಾವು ಹಿನ್ನೆಲೆಯಿಂದ ಸೀರೆಗೆ, ಸೀರೆಯಿಂದ ಕೆನ್ನೆಗೆ ಬಂದೆವು. ಕಣ್ಣು, ಬಾಯಿಗಳನ್ನು ಕೈ ಪಳಗಿದ ಮೇಲೆ, ಕೊನೆಗೆ ಮುಟ್ಟಿದೆವು. ಬಲಗಿವಿಯ ಓಲೆ ಪೂರ್ತಿ ಕಿತ್ತುಹೋಗಿತ್ತು. ಎಡಗಿವಿಯದನ್ನು ತಿರುಗಿಸಿ ಕೂಡಿಸಿದೆವು. ಒಡವೆಯಲ್ಲಿ ಅದು ಸಲ್ಲುತ್ತದೆ, ಕಣ್ಣಿನಲ್ಲಿ ಸಲ್ಲದು.

ಅಷ್ಟಾದ ಮೇಲೆ ಅದನ್ನೇ ದೊಡ್ಡದು ಮಾಡಿ ಹಾಕಬಾರದಿತ್ತೆ? ಲೆಕ್ಕ ನೋಡಿ. ಮೂಲದಲ್ಲಿ ಮುಖದ ಎತ್ತರ ಮುಕ್ಕಾಲು ಅಂಗುಲ; ಅಂಗುಲಕ್ಕೆ 1200ರಂತೆ 900 ಬಿಂದುಗಳು. ಚೆನ್ನಾಗಿ ಅಚ್ಚಾಗಲು ಅಂಗುಲಕ್ಕೆ 300 ಬೇಕೆಂದರೆ ಮುಖ ಮೂರು ಅಂಗುಲಕ್ಕೆ ನಿಂತುಬಿಡುತ್ತದೆ. ಅದಕ್ಕೆ ಮೀರಿ ಹಿಗ್ಗಿಸಿದರೆ ಇಲ್ಲದ ಚರ್ಮವನ್ನು ಯಾರಾದರೂ ಊಹಿಸಬೇಕು. ರೇಖಾಚಿತ್ರಕ್ಕೆ ಆ ಸುಳ್ಳಿನ ಹಂಗಿಲ್ಲ. ಗೊತ್ತಿಲ್ಲದ ಕಡೆ ಅದು ಕಾಗದವನ್ನು ಬಿಳಿದಾಗಿ ಬಿಡಬಹುದು.

ಶಿಕ್ಷಕರು ಮುಖವನ್ನು ಆರಂಗುಲಕ್ಕೆ ತಂದು, ದುರಸ್ತಿಯಾದ ಪ್ರತಿಯನ್ನು ಮಂಕಾಗಿ ಅಚ್ಚು ಹಾಕಿಸಿ, ಅಡಿಯಿಂದ ಬೆಳಕು ಬಿಟ್ಟ ಗಾಜಿನ ಮೇಲಿಟ್ಟು ಗೆರೆ ಇಳಿಸಿದರು. ನೆರಳುಗಳಿಗೆ ಮೂರೇ ಮಟ್ಟ. ಪ್ರತಿಯೊಂದೂ ಮಸಿಯ ಚುಕ್ಕೆಗಳಿಂದ, ಒತ್ತಾಗಿ ಇಲ್ಲವೆ ವಿರಳವಾಗಿ. ರೆಪ್ಪೆ, ಮೂಗು, ತುಟಿಗಳಿಗೆ ಖಚಿತವಾದ ಗೆರೆ. ಸೀರೆಯ ಅಂಚು ಹೆಗಲ ಹತ್ತಿರ ತಾನಾಗಿ ಮುಗಿದುಹೋಗುತ್ತದೆ. ಗದ್ದದ ಮೂರು ಚುಕ್ಕೆಗಳು ನೆರಳಿನ ಚುಕ್ಕೆಗಳಲ್ಲಿ ಕಳೆದುಹೋಗದಂತೆ ಅವುಗಳ ಸುತ್ತ ಕಾಗದವನ್ನು ಖಾಲಿ ಬಿಟ್ಟರು.

ಮುಗಿದ ಚಿತ್ರ ಚೆನ್ನಾಗಿತ್ತು, ಆದರೂ ಏನೋ ತಪ್ಪಿತ್ತು. ಅದರ ಫೋಟೋ ತೆಗೆದು ಅದೇ ಅಳತೆಗೆ ತಂದು ದುರಸ್ತಿಯಾದ ಪ್ರತಿಯ ಮೇಲೆ ಹೊದಿಸಿ ನೋಡಿದಾಗ ತಿಳಿಯಿತು. ದೊಡ್ಡವ್ವನ ಎಡರೆಪ್ಪೆ ಬಲಕ್ಕಿಂತ ತುಸು ಇಳಿದಿತ್ತು. ಪಳಗಿದ ಕೈ ಅರಿವಿಲ್ಲದೆ ಅದನ್ನು ಸಮ ಮಾಡಿಬಿಟ್ಟಿತ್ತು. ಶಿಕ್ಷಕರು ಹೊಸ ಕಾಗದ ತೆಗೆದುಕೊಂಡರು.

ಎರಡನೆಯ ಚಿತ್ರವನ್ನು ಮೂಡಲಗಿಗೆ ಒಯ್ದೆವು. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗಿನಿಂದ ಮೊಮ್ಮಗಳನ್ನು ಕರೆದು, “ನೋಡವಾ, ನಮ್ಮವ್ವ ಸಿಟ್ಟಿಗೆದ್ದಾಗ ಈ ಕಣ್ಣ ಹಿಂಗs ಮಾಡ್ತಿದ್ದಳು” ಎಂದಳು. ಚೌಕಟ್ಟು ಹಾಕಿಸುವಾಗ ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಇರಿಸಿದ್ದೇವೆ, ಇನ್ನೊಮ್ಮೆ ಅಂಟಬಾರದೆಂದು. ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿರುವುದು ಇಷ್ಟು: ಫೋಟೋ 1958ರ ಸುಮಾರಿನದು, ಬಲಗಿವಿಯ ಓಲೆ ನಮ್ಮ ಊಹೆ, ಹಚ್ಚೆ ಊಹೆಯಲ್ಲ.