ಮಲ್ಲಿಗೆಯ ಬಾಲಕ್ಕೊಂದು ಒಂಟಿ ‘ಬ’

ಹಳೆಯ ಕನ್ನಡ ಬ್ಲಾಗುಗಳ ಲಿಂಕುಗಳನ್ನು ಎಂದಾದರೂ ದಿಟ್ಟಿಸಿ ನೋಡಿದ್ದೀರಾ? ಕವಿತೆಯಾಗಲಿ, ಅಡುಗೆಯಾಗಲಿ, ಪ್ರವಾಸ ಕಥನವಾಗಲಿ, ಬ್ಲಾಗರ್‌ನಲ್ಲಿ ಬರೆದದ್ದಾದರೆ ವಿಳಾಸದ ಕೊನೆ ಬಹುಪಾಲು ಒಂದೇ: `blog-post.html`, ಇಲ್ಲವೇ `blog-post_14.html`. ಶೀರ್ಷಿಕೆಯಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಹೆಕ್ಕಿ ವಿಳಾಸ ಕಟ್ಟುವ ವ್ಯವಸ್ಥೆ ಅದು. ಅಪ್ಪಟ ಕನ್ನಡ ಶೀರ್ಷಿಕೆಯಲ್ಲಿ ಅದಕ್ಕೆ ಹೆಕ್ಕಲು ಏನೂ ಸಿಗುವುದಿಲ್ಲ. ಹಾಗಾಗಿ ಎಲ್ಲ ಬರಹಕ್ಕೂ ಒಂದೇ ಹೆಸರು, ಪಕ್ಕದಲ್ಲೊಂದು ಸಂಖ್ಯೆ.

ವಿಳಾಸದ ಈ ಕೊನೆಯ ತುಂಡಿಗೆ ಸ್ಲಗ್ ಎನ್ನುತ್ತಾರೆ. ಪತ್ರಿಕಾ ಕಚೇರಿಗಳ ಮಾತು ಅದು. ಸುದ್ದಿಯೊಂದನ್ನು ಮೇಜಿನಿಂದ ಮೇಜಿಗೆ ಗುರುತಿಸಲು ಇಡುವ ಗಿಡ್ಡ ಹೆಸರು. ಶೀರ್ಷಿಕೆ ಓದುಗರಿಗೆ, ಸ್ಲಗ್ ಗುರುತಿಗೆ. ಎರಡೂ ಬೇರೆ ಎನ್ನುವುದು ಮರೆತಾಗಲೇ ತೊಂದರೆ ಶುರು.

ವರ್ಡ್‌ಪ್ರೆಸ್ ಕನ್ನಡವನ್ನು ಬಿಟ್ಟುಹಾಕುವುದಿಲ್ಲ, ಶೀರ್ಷಿಕೆಯನ್ನೇ ಸ್ಲಗ್ ಮಾಡುತ್ತದೆ. ಬ್ರೌಸರಿನ ಪಟ್ಟಿಯಲ್ಲಿ ಕನ್ನಡ ಅಕ್ಷರ ಕಂಡಾಗ ಖುಷಿಯೂ ಆಗುತ್ತದೆ. ಅದನ್ನೇ ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿದಾಗ ನಿಜರೂಪ ಹೊರಬೀಳುತ್ತದೆ. ‘ಕನ್ನಡ’ ಎಂಬ ಒಂದೇ ಪದ ಹೀಗಾಗಿರುತ್ತದೆ:

```
%E0%B2%95%E0%B2%A8%E0%B3%8D%E0%B2%A8%E0%B2%A1
```

ವಿಳಾಸದಲ್ಲಿ ನೇರವಾಗಿ ಸಾಗುವುದು ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳು ಮಾತ್ರ. ಉಳಿದದ್ದೆಲ್ಲ ಶೇಕಡಾ ಚಿಹ್ನೆಯ ವೇಷ ಹಾಕಿಕೊಂಡು ಹೋಗಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ತುಣುಕಿಗೂ ಮೂರು ಬೈಟ್, ವೇಷದಲ್ಲಿ ಒಂದು ಬೈಟಿಗೆ ಮೂರು ಅಕ್ಷರ, ಅಲ್ಲಿಗೆ ಒಂದು ತುಣುಕಿಗೆ ಒಂಬತ್ತು. ತುಣುಕು ಎಂದದ್ದು ಬೇಕೆಂದೇ. ನಮ್ಮ ಕಣ್ಣಿಗೆ ‘ಕನ್ನಡ’ ಮೂರಕ್ಷರ. ಕಂಪ್ಯೂಟರಿಗೆ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಎಂದು ಐದು. ಐದೊಂಬತ್ತಲಿ ನಲವತ್ತೈದು.

ಉದ್ದವಾದರೇನಂತೆ ಎನ್ನಬಹುದು. ವರ್ಡ್‌ಪ್ರೆಸ್ ಸ್ಲಗ್‌ಗೆ ಇಟ್ಟಿರುವ ಜಾಗ 200 ಅಕ್ಷರ, ಅದೂ ವೇಷ ಹಾಕಿದ ಮೇಲಿನ ಲೆಕ್ಕ. ‘ಮೈಸೂರು ಮಲ್ಲಿಗೆ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವ ವಿಧಾನ’ ಎಂಬ ಶೀರ್ಷಿಕೆ ಇದೆ ಎಂದುಕೊಳ್ಳಿ. ಮೊದಲ ಮೂರು ಪದಗಳಲ್ಲಿ 20 ತುಣುಕುಗಳು, ಅಂದರೆ 180. ಪದಗಳ ನಡುವಿನ ಅಡ್ಡಗೆರೆ ಮೂರು, 183. ‘ಬೇಸಿಗೆ’ಯ ಬ ಸೇರಿದರೆ 192. ಅದರ ದೀರ್ಘದ ಚಿಹ್ನೆ ಸೇರಿಸಹೊರಟರೆ 201. ಅಲ್ಲಿಗೆ ಕತ್ತರಿ. ಉಳಿಯುವ ಸ್ಲಗ್ ‘ಮೈಸೂರು-ಮಲ್ಲಿಗೆ-ಗಿಡಕ್ಕೆ-ಬ’. ಬೇಸಿಗೆಯೂ ಇಲ್ಲ, ನೀರೂ ಇಲ್ಲ.

ಮುಂದಿನ ತಿಂಗಳು ಅದೇ ಲೇಖಕಿ ‘ಮೈಸೂರು ಮಲ್ಲಿಗೆ ಗಿಡಕ್ಕೆ ಬರುವ ಹುಳು’ ಎಂದು ಬರೆಯುತ್ತಾರೆ. ಅದೂ ಅದೇ ಬ ಮೇಲೆ ತುಂಡಾಗುತ್ತದೆ. ಒಂದೇ ಸ್ಲಗ್ ಎರಡು ಬರಹಕ್ಕೆ ಸಲ್ಲದು, ಆದ್ದರಿಂದ ಎರಡನೆಯದಕ್ಕೆ ತಂತಾನೇ `-2` ಅಂಟಿಕೊಳ್ಳುತ್ತದೆ. ನೀರಿನ ಬರಹ ‘ಬ’, ಹುಳುವಿನ ಬರಹ ‘ಬ-2’. ಬ್ಲಾಗರ್‌ನ `blog-post_14` ಬಿಟ್ಟು ಬಂದದ್ದೇನು, ಸೇರಿದ್ದೇನು!

ಕನ್ನಡ ಸ್ಲಗ್ ತಪ್ಪು ಎಂದು ಇದರರ್ಥವಲ್ಲ. ಕನ್ನಡ ವಿಕಿಪೀಡಿಯದ ವಿಳಾಸಗಳೆಲ್ಲ ಕನ್ನಡದಲ್ಲೇ ಇವೆ, ಗೂಗಲ್‌ಗೂ ತಕರಾರಿಲ್ಲ. ಎರಡು ಮೂರು ಪದಕ್ಕೆ ನಿಲ್ಲಿಸಿ ಕೈಯಾರೆ ಬರೆದರೆ ಸಾಕು: ‘ಮಲ್ಲಿಗೆ-ನೀರು’. ಆದರೆ ಲಿಂಕು ಹೆಚ್ಚಾಗಿ ಓಡಾಡುವುದು ವಾಟ್ಸ್ಆ್ಯಪ್‌ನಲ್ಲಿ, ಅಲ್ಲಿ ಶೇಕಡಾ ಚಿಹ್ನೆಗಳ ಸಾಲು ಕಂಡ ಹಿರಿಯರು ಇದ್ಯಾವುದೋ ವೈರಸ್ ಎಂದು ಮುಟ್ಟದೆ ಬಿಡುತ್ತಾರೆ. ನನ್ನ ಮತ ಇಂಗ್ಲಿಷ್ ಲಿಪಿಗೆ: `mysuru-mallige-neeru`. ಇಪ್ಪತ್ತೇ ಅಕ್ಷರ, ಫೋನಿನಲ್ಲಿ ಬಾಯಿಬಿಟ್ಟು ಹೇಳಬಹುದು. ಕಾಗುಣಿತ ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಒಂದು ಕಡೆ `neeru`, ಇನ್ನೊಂದು ಕಡೆ `niru` ಆದರೆ ಸ್ವತಃ ಬರೆದವರಿಗೇ ನೆನಪಿರುವುದಿಲ್ಲ. ಪದಗಳ ನಡುವೆ ಅಡ್ಡಗೆರೆ ಇರಲಿ, ಅಡಿಗೆರೆ ಬೇಡ. ಲಿಂಕಿನ ಕೆಳಗೆ ಗೀಟು ಬಿದ್ದಾಗ ಅಡಿಗೆರೆ ಅದರೊಳಗೆ ಮರೆಯಾಗುತ್ತದೆ. ಇನ್ನು, ಬದಲಾಗಬಹುದಾದದ್ದು ಸ್ಲಗ್‌ನಲ್ಲಿ ಬರಬಾರದು. `5-chutney` ಎಂದು ಇಟ್ಟವರು ಆರನೆಯ ಚಟ್ನಿ ಸೇರಿಸಿದ ದಿನ ಪೇಚಾಡುತ್ತಾರೆ.

ಆಗಲೇ ಹಳೆಯ ಸ್ಲಗ್ ತಿದ್ದುವ ಆಸೆ ಹುಟ್ಟುವುದು. ಬರಹ ನಮ್ಮದು, ಹೆಸರೂ ನಮ್ಮದು, ತಿದ್ದಿದರೆ ತಪ್ಪೇನು? ಅಷ್ಟರಲ್ಲಿ ಆ ವಿಳಾಸ ಯಾರದೋ ಗುಂಪಿನ ಸಂದೇಶದಲ್ಲಿ, ಇನ್ನೊಬ್ಬರ ಲೇಖನದಲ್ಲಿ, ಗೂಗಲ್‌ನ ಪಟ್ಟಿಯಲ್ಲಿ ಕೂತಿರುತ್ತದೆ. ಅಲ್ಲಿಗೆಲ್ಲ ಹೋಗಿ ತಿದ್ದಲು ನಮಗೆ ಕೈ ಎಟುಕದು. ಹಳೆಯ ಲಿಂಕು ಒತ್ತಿದವರಿಗೆ 404 ಪುಟ ಸಿಗುತ್ತದೆ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ, ಒಳ್ಳೆಯ ವಿಳಾಸ ಬದಲಾಗುವುದಿಲ್ಲ ಎಂಬ ಲೇಖನ ಬರೆದಿದ್ದರು. `www.w3.org/Provider/Style/URI` ಎಂಬಲ್ಲಿ ಅದು ಇಂದಿಗೂ ಸಿಗುತ್ತದೆ.

ಬದಲಿಸಲೇಬೇಕಾದರೆ ಹಳೆಯ ಬಾಗಿಲಲ್ಲಿ ‘ಇಂಥಲ್ಲಿಗೆ ಹೋಗಿದ್ದೇವೆ’ ಎಂದು ಬೋರ್ಡು ನೇತುಹಾಕಬೇಕು. ಸರ್ವರ್ ಭಾಷೆಯಲ್ಲಿ ಆ ಬೋರ್ಡಿನ ಸಂಖ್ಯೆ 301, ಶಾಶ್ವತ ಸ್ಥಳಾಂತರ. ಬ್ರೌಸರ್ ತಾನೇ ಹೊಸ ಜಾಗಕ್ಕೆ ಹೋಗುತ್ತದೆ, ಗೂಗಲ್ ಹಳೆಯ ಪುಟಕ್ಕಿದ್ದ ಮನ್ನಣೆಯನ್ನು ಹೊಸದಕ್ಕೆ ದಾಟಿಸುತ್ತದೆ. ಬೋರ್ಡು ಕನಿಷ್ಠ ಒಂದು ವರ್ಷವಾದರೂ ಇರಲಿ ಎನ್ನುವುದು ಗೂಗಲ್‌ನ ಸಲಹೆ. ತೆಗೆಯುವ ಅಗತ್ಯವೇ ಇಲ್ಲ ಎನ್ನುವುದು ನನ್ನದು. ಹಳೆಯ ಲಿಂಕುಗಳನ್ನೆಲ್ಲ ಒಟ್ಟಾಗಿ ಮುಖಪುಟಕ್ಕೆ ತಿರುಗಿಸುವವರಿದ್ದಾರೆ, ಅದು ಬೋರ್ಡಲ್ಲ. ಗೂಗಲ್ ಅದನ್ನು 404 ಎಂದೇ ಪರಿಗಣಿಸಬಹುದು, ಮಲ್ಲಿಗೆ ಹುಡುಕಿ ಬಂದವರೂ ಹಾಗೇ ಅಂದುಕೊಳ್ಳುತ್ತಾರೆ.

ವರ್ಡ್‌ಪ್ರೆಸ್ ಈ ಬೋರ್ಡನ್ನು ಸದ್ದಿಲ್ಲದೆ ತಾನೇ ಹಾಕುತ್ತದೆ. ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಿಸಿದರೆ ಹಳೆಯದನ್ನು `_wp_old_slug` ಎಂಬ ಹೆಸರಿನಡಿ ಬರೆದಿಟ್ಟುಕೊಳ್ಳುತ್ತದೆ. ಇದನ್ನೇ ನಂಬಿ ಕೂರಬಾರದು. ಈ ಸೌಲಭ್ಯ ಪೋಸ್ಟುಗಳಿಗಿದೆ, ‘ಪೇಜ್’ಗಳಿಗಿಲ್ಲ. ಅದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ: ಹಳೆಯ ಸ್ಲಗ್‌ನ ನೆನಪು ಕೆಲಸಕ್ಕೆ ಬರುವುದು ಆ ವಿಳಾಸ ಖಾಲಿ ಇದ್ದಾಗ ಮಾತ್ರ. `deepavali-adige` ಎಂಬ ಹಳೆಯ ಬರಹವನ್ನು `deepavali-adige-2022` ಎಂದು ಬದಲಿಸಿ, ಖಾಲಿಯಾದ ಹೆಸರನ್ನು ಈ ವರ್ಷದ ಬರಹಕ್ಕೆ ಕೊಟ್ಟಿರಿ ಎನ್ನಿ. ಯಾರೂ ತಡೆಯುವುದಿಲ್ಲ. ಅಂದು ಕಜ್ಜಾಯದ ಪಾಕ ನೋಡಲು ಲಿಂಕು ಉಳಿಸಿಕೊಂಡವರು ಇಂದು ಒತ್ತಿದರೆ ಬೇರೆಯದೇ ಅಡುಗೆ ತೆರೆಯುತ್ತದೆ. 404 ಇಲ್ಲ, ಆದ್ದರಿಂದ ಸರ್ಚ್ ಕನ್ಸೋಲ್‌ನ ದೋಷಪಟ್ಟಿಯಲ್ಲೂ ಇದು ಕಾಣುವುದಿಲ್ಲ.

ಬೋರ್ಡು ಸರಿಯಿದೆಯೇ ಎಂದು ನೋಡಲು ಒಂದು ಸಾಲು ಸಾಕು:

```
curl -I https://example.com/hale-slug/
```

ಉತ್ತರದ ಮೊದಲ ಸಾಲಿನಲ್ಲಿ 301, ಕೆಳಗೆ `location:` ಎದುರು ಹೊಸ ವಿಳಾಸ ಕಾಣಬೇಕು. ಬ್ರೌಸರಿನಲ್ಲೇ ಪರೀಕ್ಷಿಸುವುದಾದರೆ ಖಾಸಗಿ ಕಿಟಕಿ ತೆರೆಯಿರಿ; 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುವುದರಿಂದ, ತಪ್ಪು ತಿದ್ದಿದ ಮೇಲೂ ಅದು ಹಳೆಯ ದಾರಿಯಲ್ಲೇ ಕರೆದೊಯ್ಯಬಹುದು.

ಮತ್ತೆ ಆ ಒಂಟಿ ‘ಬ’ದ ಮಾತು. ಪ್ರಕಟಿಸಿ ಹತ್ತು ನಿಮಿಷವಾಗಿ, ಲಿಂಕು ಇನ್ನೂ ಯಾರಿಗೂ ಹೋಗಿಲ್ಲವಾದರೆ ಧಾರಾಳವಾಗಿ ತಿದ್ದಬಹುದು. ಎರಡು ವರ್ಷ ಕಳೆದು, ಬೇಸಿಗೆ ಬಂದಾಗಲೆಲ್ಲ ನಾಲ್ಕು ಜನ ಅದೇ ಲಿಂಕಿನಿಂದ ಬಂದು ಓದುತ್ತಿದ್ದರೆ, ನಾನಾದರೆ ಆ ಬ ಅನ್ನು ಹಾಗೇ ಬಿಡುತ್ತೇನೆ.